‘ಇಲ್ಲ’ವನ್ನು ಮಾತ್ರ ಖಚಿತವಾಗಿ ಹೇಳುವ ಬ್ಲೂಮ್ ಫಿಲ್ಟರ್

ಇಂಗ್ಲಿಷ್ ಪದಗಳನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಒಡೆಯಬೇಕೆಂಬುದನ್ನು ನಿರ್ಧರಿಸುವ ಪ್ರೋಗ್ರಾಮೊಂದನ್ನು ಬರ್ಟನ್ ಬ್ಲೂಮ್ ಅವರು 1970ರ ತಮ್ಮ ಪ್ರಬಂಧದಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದರು. 5 ಲಕ್ಷ ಪದಗಳಲ್ಲಿ ಶೇ 90ರಷ್ಟು ಸರಳ ನಿಯಮಗಳಿಗೆ ಒಗ್ಗುತ್ತವೆ, ಉಳಿದವಕ್ಕೆ ಮಾತ್ರ ಡಿಸ್ಕಿನಲ್ಲಿರುವ ನಿಘಂಟನ್ನು ನೋಡಬೇಕು. ಆದರೆ ಕೈಯಲ್ಲಿರುವ ಪದ ಯಾವ ಗುಂಪಿಗೆ ಸೇರಿದ್ದೆಂದು ತಿಳಿಯಲು ಪ್ರತಿಸಲವೂ ಡಿಸ್ಕಿಗೇ ಹೋಗುವುದಾದರೆ ಉಳಿತಾಯವೆಲ್ಲಿ? ಅದಕ್ಕಾಗಿ ಅವರು ಮೆಮೊರಿಯಲ್ಲಿ ಹಿಡಿಸುವಂಥ ಒಂದು ಪುಟ್ಟ ಸೋಸುಕವನ್ನು ಸೂಚಿಸಿದರು.

ಅದರ ರಚನೆ ಇಷ್ಟೇ: ಆರಂಭದಲ್ಲಿ ಎಲ್ಲವೂ 0 ಆಗಿರುವ ಬಿಟ್‌ಗಳ ಒಂದು ಸಾಲು, ಜೊತೆಗೆ ಯಾವುದೇ ಪದವನ್ನು ಆ ಸಾಲಿನ ಒಂದು ಮನೆಯ ಸಂಖ್ಯೆಯಾಗಿ ಪರಿವರ್ತಿಸುವ ಕೆಲವು ಹ್ಯಾಷ್ ಫಂಕ್ಷನ್‌ಗಳು. 16 ಮನೆಗಳ ಸಾಲು ಮತ್ತು ಮೂರು ಹ್ಯಾಷ್ ಫಂಕ್ಷನ್‌ಗಳಿವೆ ಎಂದುಕೊಳ್ಳೋಣ. ‘ಆನೆ’ ಎಂಬ ಪದಕ್ಕೆ 2, 7, 11 ಎಂಬ ಸಂಖ್ಯೆಗಳು ಬಂದರೆ ಆ ಮೂರು ಮನೆಗಳನ್ನು 1 ಮಾಡುತ್ತೇವೆ. ‘ಕುದುರೆ’ಗೆ 4, 7, 13 ಬಂದರೆ 4 ಮತ್ತು 13 ಹೊಸದಾಗಿ 1 ಆಗುತ್ತವೆ, 7 ಮೊದಲೇ 1 ಆಗಿರುವುದರಿಂದ ಹಾಗೆಯೇ ಉಳಿಯುತ್ತದೆ. ಪದಗಳನ್ನು ಮಾತ್ರ ಎಲ್ಲಿಯೂ ಬರೆದಿಡುವುದಿಲ್ಲ.

ಈಗ ‘ನವಿಲು’ ಇದೆಯೇ ಎಂದು ಕೇಳಿದಾಗ 2, 9, 13 ಬಂದವೆನ್ನಿ. 9ನೆಯ ಮನೆ 0 ಆಗಿದೆ. ನವಿಲನ್ನು ಸೇರಿಸಿದ್ದರೆ ಆ ಮನೆ 1 ಆಗಿರಲೇಬೇಕಿತ್ತು, ಆದ್ದರಿಂದ ಅದು ಖಂಡಿತವಾಗಿ ಇಲ್ಲ. ‘ಜಿಂಕೆ’ಗೆ 2, 4, 11 ಬಂದರೆ ಕತೆಯೇ ಬೇರೆ: ಮೂರೂ ಮನೆಗಳು 1 ಆಗಿವೆ, ಆದರೆ ಅವುಗಳಲ್ಲಿ ಎರಡನ್ನು ಆನೆಯೂ ಒಂದನ್ನು ಕುದುರೆಯೂ ತುಂಬಿದ್ದವು. ಫಿಲ್ಟರ್ ಇಲ್ಲಿ ‘ಇರಬಹುದು’ ಎನ್ನುತ್ತದೆ, ಮತ್ತು ಈ ಸಲ ಅದು ತಪ್ಪು. ಒಂದು 0 ಸಿಕ್ಕರೆ ಅದು ಪುರಾವೆ. ಮೂರು 1 ಸಿಕ್ಕರೂ ಅದು ಬರೀ ಗುಮಾನಿ.

ಈ ಗುಮಾನಿ ಎಷ್ಟು ಸಲ ಸುಳ್ಳಾಗುತ್ತದೆ? ಹೀಗೆ ಸೇರಿಸಿ ಹುಡುಕುವ ಪದದಂಥ ಪ್ರತಿಯೊಂದನ್ನೂ ಕೀಲಿ ಎನ್ನೋಣ. 1 ಕೋಟಿ ಕೀಲಿಗಳಿಗೆ, ತಲಾ 10 ಬಿಟ್‌ಗಳಂತೆ, 12.5 ಮೆಗಾಬೈಟ್‌ನ ಫಿಲ್ಟರ್ ಕಟ್ಟಿ ಏಳು ಹ್ಯಾಷ್‌ಗಳನ್ನು ಬಳಸಿದರೆ, ಎಲ್ಲವನ್ನೂ ಸೇರಿಸುವ ಹೊತ್ತಿಗೆ ಸುಮಾರು ಅರ್ಧದಷ್ಟು ಬಿಟ್‌ಗಳು 1 ಆಗಿರುತ್ತವೆ. ಇಲ್ಲದ ಕೀಲಿಯೊಂದು ಏಳು ಸಲವೂ 1ರ ಮೇಲೆಯೇ ಬೀಳುವ ಸಾಧ್ಯತೆ, ಅರ್ಧವನ್ನು ಏಳು ಬಾರಿ ಗುಣಿಸಿದಷ್ಟು, ಅಂದರೆ 128ರಲ್ಲಿ 1. ಕೀಲಿ 40 ಬೈಟ್ ಉದ್ದವಿದ್ದರೆ ಅವನ್ನೆಲ್ಲ ಹಾಗೆಯೇ ಇಡಲು 400 ಮೆಗಾಬೈಟ್ ಬೇಕಾಗುತ್ತಿತ್ತು ಎಂಬುದನ್ನು ನೆನೆದರೆ ಇದು ಅಗ್ಗದ ವ್ಯವಹಾರ.

ಆದರೆ 128ರಲ್ಲಿ 1 ಎಂಬುದನ್ನು ಹಲವರು ತಪ್ಪಾಗಿ ಓದುತ್ತಾರೆ. ಅದು ‘ಇರಬಹುದು’ ಎಂಬ ಉತ್ತರಗಳಲ್ಲಿನ ತಪ್ಪಿನ ಪಾಲಲ್ಲ, ಇಲ್ಲದ ಕೀಲಿಗಳ ಪೈಕಿ ನುಸುಳುವವುಗಳ ಪಾಲು. 10 ಲಕ್ಷ ಪ್ರಶ್ನೆಗಳಲ್ಲಿ 1,000 ಕೀಲಿಗಳು ಮಾತ್ರ ನಿಜಕ್ಕೂ ಇದ್ದವೆನ್ನಿ. ಆಗ ಉಳಿದ 9,99,000ದಲ್ಲಿ ಸುಮಾರು 7,800 ಸುಳ್ಳಾಗಿ ನುಸುಳುತ್ತವೆ, ಹೀಗಾಗಿ ‘ಇರಬಹುದು’ ಎಂದ ಸುಮಾರು 8,800ರಲ್ಲಿ ಬಹುಪಾಲು ಹುಸಿ. ಆದರೂ ಫಿಲ್ಟರ್ ಸೋತಿಲ್ಲ: 10 ಲಕ್ಷ ಸಲ ಡಿಸ್ಕ್ ತಡಕುವ ಬದಲು 8,800 ಸಲ ತಡಕಿದರೆ ಸಾಕಾಯಿತು. ಹಿಂದೆ ನಿಜವಾದ ಹುಡುಕಾಟವೊಂದು ಇರುವಲ್ಲಿ ಮಾತ್ರ ಇದನ್ನು ಬಳಸಬೇಕೆನ್ನುವುದು ಇದೇ ಕಾರಣಕ್ಕೆ. ರಾಕ್ಸ್‌ಡಿಬಿ, ಕಸ್ಸಾಂಡ್ರಾದಂಥ ಡೇಟಾಬೇಸ್‌ಗಳು ಯಾವ ಫೈಲನ್ನು ತೆರೆಯುವ ಅಗತ್ಯವೇ ಇಲ್ಲವೆಂದು ತಿಳಿಯಲು ಇದನ್ನು ಬಳಸುವುದೂ ಹೀಗೆಯೇ.

ಎಣಿಸಿದ್ದಕ್ಕಿಂತ ಹೆಚ್ಚು ತುಂಬಿದರೆ ಫಿಲ್ಟರ್ ಯಾವ ದೂರನ್ನೂ ಕೊಡದೆ ಕೆಡುತ್ತದೆ. ಅದೇ 12.5 ಮೆಗಾಬೈಟ್‌ಗೆ 2 ಕೋಟಿ ಕೀಲಿಗಳನ್ನು ಸೇರಿಸಿದರೆ ಮುಕ್ಕಾಲು ಭಾಗ 1 ಆಗಿ, ತಪ್ಪಿನ ಪ್ರಮಾಣ ಸುಮಾರು ಶೇ 14ಕ್ಕೆ ಏರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ: 1 ಆಗಿರುವ ಬಿಟ್‌ಗಳನ್ನು ಆಗಾಗ ಎಣಿಸಿ, ಅವುಗಳ ಪಾಲು ಅರ್ಧವನ್ನು ದಾಟಿತೆಂದರೆ ದೊಡ್ಡ ಫಿಲ್ಟರನ್ನು ಹೊಸದಾಗಿ ಕಟ್ಟಬೇಕು. ಹೊಸದಾಗಿ ಕಟ್ಟಲು ಮೂಲ ಕೀಲಿಗಳು ಬೇಕೇ ಬೇಕು, ಏಕೆಂದರೆ ಅವನ್ನು ಫಿಲ್ಟರ್‌ನಿಂದ ಮರಳಿ ಪಡೆಯಲಾಗದು.

ಇದಕ್ಕಿಂತ ಕೆಟ್ಟದ್ದು ‘ಖಂಡಿತ ಇಲ್ಲ’ ಎಂಬ ಮಾತೇ ಸುಳ್ಳಾಗುವುದು. ಕುದುರೆಯನ್ನು ಅಳಿಸಲೆಂದು 4, 7, 13ನ್ನು 0 ಮಾಡಿದರೆ, 7ನೆಯ ಮನೆಯನ್ನು ಹಂಚಿಕೊಂಡಿದ್ದ ಆನೆಯೂ ಕಾಣೆಯಾಗುತ್ತದೆ. ಅಳಿಸುವ ಅಗತ್ಯವಿರುವವರು ಬಿಟ್‌ಗಳ ಬದಲು ಪುಟ್ಟ ಎಣಿಕೆಗಳನ್ನಿಡುವ ಮಾದರಿಗೆ ಹೋಗುತ್ತಾರೆ. ಪ್ರತಿ ಎಣಿಕೆಗೆ ನಾಲ್ಕು ಬಿಟ್ ಕೊಟ್ಟರೆ ಜಾಗವೂ ನಾಲ್ಕು ಪಟ್ಟು. ಹ್ಯಾಷ್ ಬದಲಾದರೂ ಇದೇ ಗತಿ. ಪೈಥಾನ್‌ನ `hash()` ಪದಗಳಿಗೆ ಕೊಡುವ ಸಂಖ್ಯೆ, ಬೇರೆ ಸೂಚನೆ ಕೊಡದಿದ್ದರೆ, ಪ್ರೋಗ್ರಾಮನ್ನು ಪ್ರತಿಸಲ ಶುರುಮಾಡಿದಾಗಲೂ ಬದಲಾಗುತ್ತದೆ. ಅದನ್ನು ನಂಬಿ ಕಟ್ಟಿದ ಫಿಲ್ಟರನ್ನು ಫೈಲಿನಲ್ಲಿಟ್ಟು ಮರುದಿನ ತೆರೆದರೆ, ನಿನ್ನೆ ಸೇರಿಸಿದ್ದ ಕೀಲಿಗಳಲ್ಲಿ ಹೆಚ್ಚಿನವಕ್ಕೆ ಅದು ಅನುಮಾನವೇ ಇಲ್ಲದೆ ‘ಇಲ್ಲ’ ಎನ್ನುತ್ತದೆ.