ಕಾರಣಕ್ಕೂ ಒಂದು ತಾರೀಖು ಬೇಕು

"ಟ್ಯಾಕ್ಸ್ ಪೂರ್ತಿ ಕಟ್ಟಿವ್ನಿ ಸಾ. ಒಂದು ರೂಪಾಯಿ ಬಾಕಿ ಇಲ್ಲ. ಮತ್ತೆ ಇದ್ಯಾವ ದಂಡ?"

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು ಮೈಸೂರಿನ ನನ್ನ ಆಫೀಸಿಗೆ ಬಂದು, ಮೇಜಿನ ಮೇಲೆ ಆದಾಯ ತೆರಿಗೆ ಇಲಾಖೆಯ ನೋಟಿಸ್ ಇಟ್ಟು ಹೀಗೆ ಕೇಳಿದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಅವರ ಕಥೆ ಹೇಳುತ್ತೇನೆ. ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ದಂಡ ತೆರಿಗೆಗಲ್ಲ ಸ್ವಾಮಿ, ಆಡಿಟ್ ವರದಿ ಹೊತ್ತಿಗೆ ಸರಿಯಾಗಿ ಕೊಡದೇ ಇದ್ದದ್ದಕ್ಕೆ. ತೆರಿಗೆ ಕಟ್ಟಿರುವುದು ಒಳ್ಳೆಯದೇ, ಉತ್ತರದಲ್ಲಿ ಒಂದು ಸಾಲು ಬರೆಯೋಣ. ಆದರೆ ಅದೇ ಉತ್ತರವಾಗುವುದಿಲ್ಲ.

2022-23ರಲ್ಲಿ ಅವರ ವಹಿವಾಟು 2 ಕೋಟಿ 36 ಲಕ್ಷ. ಆಲೆಮನೆಯವರಿಗೆ ಹೆಚ್ಚಾಗಿ ನಗದೇ ಕೊಡುತ್ತಾರೆ. ಹಾಗಾಗಿ ನಗದು ತೀರಾ ಕಡಿಮೆ ಇದ್ದವರಿಗೆ 10 ಕೋಟಿವರೆಗೆ ಆಡಿಟ್ ಬೇಡ ಎಂಬ ರಿಯಾಯಿತಿ ಅವರಿಗೆ ಸಿಗುವುದಿಲ್ಲ, ಆಡಿಟ್ ಬೇಕೇ ಬೇಕು. ಕೊನೆ ದಿನ 2023ರ ಸೆಪ್ಟೆಂಬರ್ 30. ವರದಿ ದಾಖಲಾದದ್ದು ನವೆಂಬರ್ 14. ಸೆಕ್ಷನ್ 271ಬಿ ಪ್ರಕಾರ ದಂಡ ವಹಿವಾಟಿನ ಅರ್ಧ ಪರ್ಸೆಂಟ್ ಅಥವಾ ಒಂದೂವರೆ ಲಕ್ಷ, ಯಾವುದು ಕಡಿಮೆಯೋ ಅದು. ಇವರಿಗೆ 1,18,000 ರೂಪಾಯಿ. ಆ ವರ್ಷದ ಅವರ ಲಾಭಕ್ಕೆ ಇದು ಸಣ್ಣ ಮೊತ್ತವಲ್ಲ.

ತಪ್ಪಿಸಿಕೊಳ್ಳಲು ಇರುವ ಬಾಗಿಲು ಸೆಕ್ಷನ್ 273ಬಿ. ತಡವಾದದ್ದಕ್ಕೆ ಸಮಂಜಸ ಕಾರಣ ಇತ್ತೆಂದು ತೋರಿಸಿದರೆ ದಂಡವಿಲ್ಲ. ತೋರಿಸಬೇಕಾದವರು ನೀವು. ಅಧಿಕಾರಿ ಹುಡುಕಿಕೊಂಡು ಬರುವುದಿಲ್ಲ.

ಅವರೇ ಬರೆದಿದ್ದ ಉತ್ತರವನ್ನು ಜೇಬಿನಿಂದ ತೆಗೆದರು. ಅದರಲ್ಲಿ ಆರು ಕಾರಣ ಇತ್ತು. ವ್ಯಾಪಾರ ಡಲ್ಲು, ಮಳೆ ಇಲ್ಲ, ಮನೆಯಲ್ಲಿ ತೊಂದರೆ, ಸರ್ವರ್ ಡೌನು, ಆಡಿಟರ್ ತಡ ಮಾಡಿದರು, ಇನ್ನು ಮುಂದೆ ಹೀಗಾಗುವುದಿಲ್ಲ ಕ್ಷಮಿಸಿ. ಒಂದಕ್ಕೂ ತಾರೀಖು ಇಲ್ಲ. ಮಳೆ ಬರದಿದ್ದರೆ ಲೆಕ್ಕ ಬರೆಯೋಕೆ ಏನು ಅಡ್ಡಿ ಅಂತ ಓದುವವರು ಕೇಳುವುದಿಲ್ವಾ? ಸರ್ವರ್ ಡೌನ್ ಎಂದರೆ ಯಾವ ದಿನ? ಸ್ಕ್ರೀನ್‌ಶಾಟ್ ಎಲ್ಲಿ? ಆರು ಕಾರಣ ಕೊಟ್ಟವರ ಹತ್ತಿರ ಒಂದೂ ಗಟ್ಟಿ ಕಾರಣ ಇಲ್ಲ ಅಂತಲೇ ಅರ್ಥವಾಗುತ್ತದೆ.

ಇನ್ನು ಆಡಿಟರ್ ಮೇಲೆ ಹಾಕುವುದು. ನಾನೂ ಅದೇ ಕಸುಬಿನವನು, ಪಕ್ಷಪಾತ ಅನ್ನಬೇಡಿ. ಆಡಿಟರ್ ಮಧ್ಯದಲ್ಲಿ ಕೈಬಿಟ್ಟು ಹೋದರೆ ಅದು ಒಪ್ಪುವ ಕಾರಣವೇ. ಆದರೆ ಪುಸ್ತಕ ಕೊಟ್ಟಿದ್ದೇ ಸೆಪ್ಟೆಂಬರ್ 27ಕ್ಕೆ ಅಂದರೆ ಆ ಬಾಣ ತಿರುಗಿ ನಿಮ್ಮ ಕಡೆಗೇ ಬರುತ್ತದೆ.

ನಾನು ಹೇಳಿ ಹೇಳಿ ಸೋತ ಮಾತು ಒಂದೇ. ಕಾರಣಕ್ಕೆ ಹುಟ್ಟಿದ ದಿನ ಇರಬೇಕು, ಮುಗಿದ ದಿನವೂ ಇರಬೇಕು. ಹುಟ್ಟಿದ ದಿನ ಸೆಪ್ಟೆಂಬರ್ 30ಕ್ಕಿಂತ ಮುಂಚೆ. ಮುಗಿದ ದಿನ ವರದಿ ದಾಖಲಾದ ದಿನಕ್ಕೆ ಹತ್ತಿರ. ಅಕ್ಟೋಬರ್ 10ಕ್ಕೆ ಕಾಲು ಮುರಿದರೆ ಅದು ನಿಜವಾದ ಕಷ್ಟ, ಆದರೆ ಸೆಪ್ಟೆಂಬರ್ 30 ಯಾಕೆ ತಪ್ಪಿತು ಎಂಬುದಕ್ಕೆ ಉತ್ತರವಲ್ಲ. ಆಗಸ್ಟಿನಲ್ಲಿ ಜ್ವರ ಬಂದು ಹತ್ತು ದಿನಕ್ಕೆ ವಾಸಿಯಾಗಿದ್ದರೆ, ಉಳಿದ ಎರಡೂವರೆ ತಿಂಗಳು ಏನು ಮಾಡಿದಿರಿ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಕ್ಯಾಲೆಂಡರಿನಲ್ಲಿ ಎಲ್ಲೂ ತೂತು ಇರಬಾರದು.

ಸರಿ, ಕಾಫಿ ತರಿಸಿ ಕೂರಿಸಿ ಕೇಳಿದೆ, "ಯಜಮಾನ್ರೇ, ಆ ವರ್ಷ ಪುಸ್ತಕ ಬರೀತಿದ್ದೋರು ಯಾರು?"

"ನಮ್ಮಣ್ಣ ಸಾ. ಅವ್ರಿಗೆ ಸ್ಟ್ರೋಕ್ ಆಯ್ತಲ್ಲ."

ಆರು ಕಾರಣ ಬರೆದವರು ಇದನ್ನು ಬಿಟ್ಟಿದ್ದರು! ಮನೆ ತೊಂದರೆ ಅಂತ ಬರೆದಿದ್ದೀನಲ್ಲ ಅಂದರು. ಅಣ್ಣನ ಕಾಯಿಲೆಯನ್ನು ಸರ್ಕಾರದ ಕಾಗದದಲ್ಲಿ ಹೇಳಿಕೊಳ್ಳಲು ಸಂಕೋಚ. ನಮ್ಮ ಕಡೆಯ ಜನ ಹೀಗೇ. ಸುಳ್ಳು ಕಾರಣ ಧಾರಾಳವಾಗಿ ಕೊಡುತ್ತಾರೆ, ನಿಜವಾದದ್ದನ್ನು ಮುಚ್ಚಿಡುತ್ತಾರೆ.

ಆಮೇಲೆ ತಾರೀಖು ಕೂಡಿಸುತ್ತಾ ಹೋದೆವು. ಆಗಸ್ಟ್ 22ಕ್ಕೆ ಅಣ್ಣ ಆಸ್ಪತ್ರೆಗೆ ಸೇರಿದರು. ಸೆಪ್ಟೆಂಬರ್ 9ಕ್ಕೆ ಮನೆಗೆ ಬಂದರು, ಆದರೆ ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಚಿಟ್ಟಾ ಪುಸ್ತಕ ಮಾರ್ಚ್‌ವರೆಗೆ ಬರೆದಿತ್ತು. ಆಲೆಮನೆಯವರ ಬಾಕಿ ತಾಳೆ ನೋಡುವ ಕೆಲಸ ಮಾತ್ರ ಉಳಿದಿತ್ತು. ಅದೆಲ್ಲ ಅಣ್ಣನ ಗುರುತುಗಳಲ್ಲಿ ಇದ್ದದ್ದು, ಬೇರೆಯವರಿಗೆ ಅರ್ಥವಾಗದು. ಸೆಪ್ಟೆಂಬರ್ 18ಕ್ಕೆ ಹೊಸ ಗುಮಾಸ್ತೆಯನ್ನು ಇಟ್ಟುಕೊಂಡರು. ಲೆಕ್ಕ ಮುಗಿದದ್ದು ಅಕ್ಟೋಬರ್ 20ಕ್ಕೆ. ಅವರ ಊರಿನ ಆಡಿಟರ್ ವರದಿ ಅಪ್‌ಲೋಡ್ ಮಾಡಿದ್ದು 27ಕ್ಕೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ಮುಗಿದಿರಲಿಲ್ಲ. ಆಡಿಟರ್ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ವರದಿ ಕೊಟ್ಟಂತಲ್ಲ. ವ್ಯಾಪಾರಿ ಇಲಾಖೆಯ ಪೋರ್ಟಲ್‌ನ ತನ್ನ ಲಾಗಿನ್‌ನಲ್ಲಿ Pending Actions ಒಳಗೆ Worklist ತೆರೆದು, ವರದಿ ನೋಡಿ Accept ಒತ್ತಿ, ಒಟಿಪಿ ಹಾಕಬೇಕು. ಆಮೇಲೇ ಅದು ದಾಖಲಾಗುವುದು. ಇವರು ಒತ್ತಿದ್ದು ನವೆಂಬರ್ 14ಕ್ಕೆ. ಮಧ್ಯೆ 18 ದಿನದ ತೂತು.

ಯಾಕೆ ಅಂದರೆ, ಪೋರ್ಟಲ್‌ನಲ್ಲೂ ಇವರ ಆಧಾರ್‌ನಲ್ಲೂ ಇದ್ದದ್ದು ಅಣ್ಣನ ಮೊಬೈಲ್ ನಂಬರ್. ಆ ಫೋನು ಆಸ್ಪತ್ರೆಯ ಗಡಿಬಿಡಿಯಲ್ಲಿ ಕಳೆದಿತ್ತು. ಸಿಮ್ ಅಣ್ಣನ ಹೆಸರಲ್ಲಿದೆ, ಬೇರೆ ಸಿಮ್ ಬೇಕೆಂದರೆ ಅಣ್ಣನೇ ಅಂಗಡಿಗೆ ಬರಬೇಕಂತೆ. ಕೊನೆಗೆ ನವೆಂಬರ್ 6ಕ್ಕೆ ಇವರು ಆಧಾರ್ ಕೇಂದ್ರಕ್ಕೆ ಹೋಗಿ ತಮ್ಮ ನಂಬರ್ ಹಾಕಿಸಿದರು. ಆ ಚೀಟಿ ಪರ್ಸಿನಲ್ಲೇ ಮಡಚಿ ಇಟ್ಟಿದ್ದರು. ಅದನ್ನು ಬಿಡಿಸಿ ನೋಡಿದಾಗ ನನಗೆ ಆದ ಸಂತೋಷ ಅವರಿಗೆ ಅರ್ಥವಾಗಲಿಲ್ಲ. ಕೇಸಿನ ಅತಿ ದುರ್ಬಲ ಜಾಗಕ್ಕೆ ಅದೇ ಪುರಾವೆ.

ಉತ್ತರ ಒಂದೂವರೆ ಪುಟ ಆಯಿತು. ಒಂದೊಂದು ತಾರೀಖಿನ ಮುಂದೆ ಏನಾಯಿತು, ಯಾವ ಕಾಗದ ಲಗತ್ತಿಸಿದೆ, ಅಷ್ಟೇ. ಡಿಸ್ಚಾರ್ಜ್ ಸಮ್ಮರಿ, ಗುಮಾಸ್ತೆಗೆ ಮೊದಲ ಸಂಬಳ ಹೋದ ಬ್ಯಾಂಕ್ ಎಂಟ್ರಿ, ಆಧಾರ್ ಚೀಟಿ, ಚಿಟ್ಟಾದ ಎರಡು ಪುಟದ ನಕಲು. ಈಗ ಈ ವಿಚಾರಣೆ ಫೇಸ್‌ಲೆಸ್. ಓದುವ ಅಧಿಕಾರಿ ಯಾವ ಊರಿನವರೋ, ಬೆಲ್ಲದ ಚಿಟ್ಟಾ ಅಂದರೆ ಏನೆಂದು ಗೊತ್ತಿರಬೇಕಿಲ್ಲ. ಹಾಗಾಗಿ ಕನ್ನಡದ ಪುಟಕ್ಕೆ ಇಂಗ್ಲಿಷ್ ಅನುವಾದವನ್ನೂ ಸೇರಿಸಿದೆ. 1969ರ ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಂಡ ಹಾಕಲು ಅಧಿಕಾರ ಇದೆ ಎಂಬ ಒಂದೇ ಕಾರಣಕ್ಕೆ ಹಾಕಬಾರದು ಎಂದಿದೆ. ಅದನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದೆ. ಕೆಲವರು ಹತ್ತು ತೀರ್ಪು ತುಂಬಿಸಿ ಕಳಿಸುತ್ತಾರೆ, ತಮ್ಮ ತಾರೀಖುಗಳನ್ನೇ ಮರೆಯುತ್ತಾರೆ.

ಇವರ ದಂಡ ಕೈಬಿಟ್ಟರು. ಹಾಗಂತ ಸ್ಟ್ರೋಕ್ ಅಂದರೆ ಎಲ್ಲರದ್ದೂ ಬಿಡುತ್ತಾರೆ ಅಂತ ನಾನು ಹೇಳಲಾರೆ. ಅದು ಆಯಾ ಕೇಸಿನ ಕಾಗದದ ಮೇಲೆ ಹೋಗುತ್ತದೆ. ಇನ್ನೊಂದು ಮಾತು, ಇದೆಲ್ಲ 1961ರ ಕಾಯ್ದೆಯ ಹಳೆ ವರ್ಷಗಳಿಗೆ ಬಂದ ನೋಟಿಸ್‌ಗಳ ವಿಷಯ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಸೆಕ್ಷನ್ ನಂಬರ್‌ಗಳು ಬೇರೆ, ಅದಕ್ಕೆ ನಿಮ್ಮ ಆಡಿಟರನ್ನೇ ಕೇಳಿ.

ದಂಡ ಹಾಕಿಯೇ ಬಿಟ್ಟರೆ, ಆದೇಶ ಕೈಸೇರಿದ 30 ದಿನದೊಳಗೆ ಫಾರ್ಮ್ 35ರಲ್ಲಿ ಅಪೀಲು ಹಾಕಬಹುದು. ಈ ತರಹದ ಅಪೀಲಿಗೆ ಫೀಸು 250 ರೂಪಾಯಿ. ಅಲ್ಲೂ ಕೇಳುವುದು ಅದೇ ತಾರೀಖುಗಳನ್ನೇ. ಅದಕ್ಕೇ ನೋಟಿಸ್ ಬಂದ ದಿನವೇ ಆಸ್ಪತ್ರೆ ಫೈಲು, ಪರ್ಸು, ಹಳೆ ಚೀಟಿ ಎಲ್ಲ ಸುರಿದುಕೊಂಡು ಬನ್ನಿ. ಕ್ಷಮಾಪಣೆ ಪತ್ರ ಮನೆಯಲ್ಲೇ ಇರಲಿ.