ಸೊನ್ನೆ ವೋಲ್ಟೇಜಿನಲ್ಲೇ ಸ್ವಿಚ್ ಹಾಕಿದರೂ ಕರೆಂಟ್ ಯಾಕೆ ಜಿಗಿಯುತ್ತದೆ?

ಪ್ರಶ್ನೆ: ಒಂದು ದೊಡ್ಡ ಕಾಯಿಲ್‌ಗೆ 230 ವೋಲ್ಟ್, 50 ಹರ್ಟ್ಜ್ ಎಸಿ ಕೊಡುತ್ತಿದ್ದೇನೆ. ಮೆಲ್ಲಗೆ ಶುರುವಾಗಲಿ ಅಂತ, ವೋಲ್ಟೇಜ್ ಸೊನ್ನೆ ದಾಟುವ ಹೊತ್ತಿಗೆ ಸರಿಯಾಗಿ ಆನ್ ಆಗುವ ಸಾಲಿಡ್ ಸ್ಟೇಟ್ ರಿಲೇ ಹಾಕಿದೆ. ಆದರೂ ಕರೆಂಟಿನ ಮೊದಲ ಅಲೆ ಮಾಮೂಲಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಏರುತ್ತದೆ. ಇಡೀ ಅಲೆಯನ್ನೇ ಯಾರೋ ಮೇಲಕ್ಕೆ ಎತ್ತಿ ಹಿಡಿದ ಹಾಗಿರುತ್ತದೆ, ಆಮೇಲೆ ನಾಲ್ಕೈದು ಸೈಕಲ್‌ನಲ್ಲಿ ತಾನೇ ಕೆಳಗಿಳಿಯುತ್ತದೆ. ರಿಲೇ ಕೆಟ್ಟಿದೆಯಾ?

ಉತ್ತರ: ರಿಲೇಗೆ ಏನೂ ಆಗಿಲ್ಲ. ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಆದರೆ ಕಾಯಿಲ್‌ನ ಮಟ್ಟಿಗೆ ನೀವು ಆರಿಸಿಕೊಂಡಿರುವುದು ಅತ್ಯಂತ ಕೆಟ್ಟ ಗಳಿಗೆ.

ಸೊನ್ನೆಯಲ್ಲಿ ಆನ್ ಮಾಡಿದರೆ ಒಳ್ಳೆಯದು ಅನ್ನುವ ಮಾತು ಹೀಟರ್, ಬಲ್ಬ್‌ಗಳಿಂದ ಬಂದದ್ದು. ಅಲ್ಲಿ ಕರೆಂಟ್ ವೋಲ್ಟೇಜಿನ ನೆರಳಿನ ಹಾಗೆ. ವೋಲ್ಟೇಜ್ ಸೊನ್ನೆ ಅಂದರೆ ಕರೆಂಟೂ ಸೊನ್ನೆ. ಕಾಯಿಲ್ ಹಾಗಲ್ಲ. ಅಲ್ಲಿ ವೋಲ್ಟೇಜ್ ತೀರ್ಮಾನ ಮಾಡುವುದು ಕರೆಂಟ್ ಎಷ್ಟಿರಬೇಕು ಅಂತಲ್ಲ, ಎಷ್ಟು ವೇಗವಾಗಿ ಬದಲಾಗಬೇಕು ಅಂತ. ವೋಲ್ಟೇಜ್ ಪಾಸಿಟಿವ್ ಆಗಿರುವಷ್ಟು ಹೊತ್ತೂ ಕರೆಂಟ್ ಏರುತ್ತಲೇ ಇರುತ್ತದೆ, ನೆಗೆಟಿವ್ ಆದಮೇಲೆ ಇಳಿಯುತ್ತದೆ. (ರೆಸಿಸ್ಟನ್ಸನ್ನು ಸದ್ಯಕ್ಕೆ ಮರೆತುಬಿಡೋಣ.)

ಈಗ ಸೊನ್ನೆಯಲ್ಲಿ ಆನ್ ಮಾಡಿ ನೋಡಿ. ಮುಂದಿನ 10 ಮಿಲಿಸೆಕೆಂಡ್ ಪೂರ್ತಿ ವೋಲ್ಟೇಜ್ ಪಾಸಿಟಿವ್. ಅಂದರೆ ಅರ್ಧ ಸೈಕಲ್ ಉದ್ದಕ್ಕೂ ಕರೆಂಟ್ ಏರುವುದೊಂದೇ ಕೆಲಸ. ತುದಿಯಲ್ಲಿ ಆನ್ ಮಾಡಿದರೆ? ಪಾಸಿಟಿವ್ ಭಾಗ ಇನ್ನು 5 ಮಿಲಿಸೆಕೆಂಡ್ ಮಾತ್ರ ಉಳಿದಿರುತ್ತದೆ. ಕರೆಂಟ್ ಅರ್ಧ ದಾರಿ ಏರುವಷ್ಟರಲ್ಲಿ ವೋಲ್ಟೇಜ್ ತಿರುಗಿಬಿಡುತ್ತದೆ. ಅಲ್ಲಿಂದ ಕರೆಂಟ್ ಇಳಿದು, ಸೊನ್ನೆ ದಾಟಿ, ಕೆಳಗೂ ಅಷ್ಟೇ ಹೋಗುತ್ತದೆ. ನಮಗೆ ಬೇಕಾದ ಸಮತೂಕದ ಅಲೆ ಮೊದಲ ಸುತ್ತಿನಲ್ಲೇ ಸಿಕ್ಕಿತು.

ಒಂದು ಲೆಕ್ಕ ಮಾಡಿಯೇಬಿಡೋಣ. ಕಾಯಿಲ್ 50 ಮಿಲಿಹೆನ್ರಿ, ತಂತಿಯ ರೆಸಿಸ್ಟನ್ಸ್ 2 ಓಂ ಅಂತ ಇಟ್ಟುಕೊಳ್ಳಿ. 230 ವೋಲ್ಟ್ ಆರ್‌ಎಂಎಸ್ ಅಂದರೆ ತುದಿ 325 ವೋಲ್ಟ್. 50 ಹರ್ಟ್ಜ್‌ನಲ್ಲಿ ಈ ಕಾಯಿಲ್‌ನ ರಿಯಾಕ್ಟೆನ್ಸ್ 15.7 ಓಂ. ರೆಸಿಸ್ಟನ್ಸನ್ನೂ ಸೇರಿಸಿದರೆ ಇಂಪೀಡೆನ್ಸ್ 15.8 ಓಂ. ಹಾಗಾಗಿ ಎಲ್ಲ ತಣ್ಣಗಾದ ಮೇಲೆ ಹರಿಯುವ ಕರೆಂಟಿನ ತುದಿ 20.5 ಆಂಪಿಯರ್. ಅದು ವೋಲ್ಟೇಜಿಗಿಂತ 82.7 ಡಿಗ್ರಿ ಹಿಂದೆ ಇರುತ್ತದೆ. 50 ಹರ್ಟ್ಜ್‌ನಲ್ಲಿ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ, ಅಂದರೆ ಹೆಚ್ಚುಕಡಿಮೆ 4.6 ಮಿಲಿಸೆಕೆಂಡ್ ತಡ.

ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಈ ಕಾಯಿಲ್ ಗಂಟೆಗಟ್ಟಲೆಯಿಂದ ಓಡುತ್ತಿದ್ದರೆ, ವೋಲ್ಟೇಜ್ ಸೊನ್ನೆ ದಾಟಿ ಮೇಲೇರಲು ಶುರುಮಾಡುವ ಗಳಿಗೆಯಲ್ಲಿ ಅದರ ಕರೆಂಟ್ ಎಷ್ಟಿರುತ್ತದೆ? ಸೊನ್ನೆ ಅಲ್ಲ, ಮೈನಸ್ 20.4 ಆಂಪಿಯರ್. ಹತ್ತಿರಹತ್ತಿರ ತಳದಲ್ಲೇ ಇರುತ್ತದೆ. ಆದರೆ ನೀವು ಈಗಷ್ಟೇ ಆನ್ ಮಾಡಿದ್ದೀರಿ. ನಿಮ್ಮ ಕಾಯಿಲ್‌ನಲ್ಲಿರುವುದು ಸೊನ್ನೆ ಆಂಪಿಯರ್. ಕಾಯಿಲ್‌ನ ಕರೆಂಟ್ ಒಂದೇ ಏಟಿಗೆ ಹಾರುವುದಿಲ್ಲ, ಹಾಗಾಗಿ ಸೊನ್ನೆಯಿಂದಲೇ ಹೊರಡಬೇಕು. ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ 20.4 ಆಂಪಿಯರ್ ಅಂತರ ಬಿತ್ತು. ನೀವು ಸ್ಕೋಪಿನಲ್ಲಿ ಕಂಡ ಎತ್ತುವಿಕೆ ಅಂದರೆ ಇದೇ ಅಂತರ. ಇದನ್ನೇ ಡಿಸಿ ಆಫ್‌ಸೆಟ್ ಅನ್ನುವುದು.

ಸೂತ್ರದಲ್ಲಿ ಬರೆದರೆ ಹೀಗೆ:

```
v = Vm sin(ωt + α)
i = (Vm/Z) [ sin(ωt + α − φ) − sin(α − φ) e^(−Rt/L) ]
```

ಇಲ್ಲಿ `α` ಅಂದರೆ ಆನ್ ಮಾಡಿದಾಗ ವೋಲ್ಟೇಜ್ ಅಲೆಯ ಎಷ್ಟನೇ ಡಿಗ್ರಿಯಲ್ಲಿತ್ತು ಅನ್ನುವುದು. `φ` ನಮ್ಮ 82.7 ಡಿಗ್ರಿ. ಮೊದಲ ತುಂಡು ಯಾವಾಗಲೂ ಇರುವ ಅಲೆ, ಎರಡನೆಯದು ಕರಗಿಹೋಗುವ ಆಫ್‌ಸೆಟ್. `t = 0` ಹಾಕಿ ನೋಡಿ, ಎರಡೂ ಹೊಡೆದುಹೋಗಿ ಸೊನ್ನೆ ಬರುತ್ತದೆ. ಎರಡನೇ ತುಂಡು ಬಂದಿರುವುದೇ ಈ ಒಂದು ಕೆಲಸಕ್ಕೆ.

ಮೂಲದಲ್ಲಿ ಡಿಸಿ ಇಲ್ಲವೇ ಇಲ್ಲ, ಮತ್ತೆ ಇದು ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳುತ್ತಾರೆ. ಮೂಲ ಇದನ್ನು ಪೋಷಿಸುತ್ತಿಲ್ಲ, ಅದಕ್ಕೇ ಇದು ಉಳಿಯುವುದೂ ಇಲ್ಲ. ಕರೆಂಟಿನ ಈ ಎತ್ತಿದ ಭಾಗ ರೆಸಿಸ್ಟನ್ಸಿನ ಮೂಲಕ ಹರಿಯುವಾಗ ಅಲ್ಲಿ ಒಂದಿಷ್ಟು ಒಮ್ಮುಖ ವೋಲ್ಟೇಜ್ ಬೀಳುತ್ತದೆ. ಮೂಲದ ಸರಾಸರಿ ಸೊನ್ನೆಯಾದ್ದರಿಂದ ಅದು ಈ ವೋಲ್ಟೇಜನ್ನು ಕೊಡಲಾರದು. ಕಾಯಿಲ್ಲೇ ಕೊಡಬೇಕು, ಅಂದರೆ ತನ್ನ ಕರೆಂಟನ್ನು ಇಳಿಸಿಕೊಳ್ಳಬೇಕು. ಆಫ್‌ಸೆಟ್ ಜಾಸ್ತಿ ಇದ್ದಷ್ಟೂ ಬೇಗ ಇಳಿಯುತ್ತದೆ, ಕಡಿಮೆಯಾದ ಹಾಗೆ ನಿಧಾನವಾಗುತ್ತದೆ. ರೆಸಿಸ್ಟನ್ಸ್ ನಿಜಕ್ಕೂ ಸೊನ್ನೆಯಾಗಿದ್ದರೆ ಈ ಎತ್ತುವಿಕೆ ಹಾಗೇ ಉಳಿದುಬಿಡುತ್ತಿತ್ತು.

ನಮ್ಮ ಕಾಯಿಲ್‌ನಲ್ಲಿ `L/R` ಅಂದರೆ 25 ಮಿಲಿಸೆಕೆಂಡ್. ಒಂದು ಸೈಕಲ್‌ಗೆ, ಅಂದರೆ 20 ಮಿಲಿಸೆಕೆಂಡಿಗೆ, ಆಫ್‌ಸೆಟ್ ಮೊದಲಿದ್ದುದರ 45 ಶೇಕಡಾಕ್ಕೆ ಇಳಿಯುತ್ತದೆ. ಆನ್ ಮಾಡಿದ 9.3 ಮಿಲಿಸೆಕೆಂಡಿಗೆ ಮೊದಲ ತುದಿ ಬರುತ್ತದೆ. ಆ ಹೊತ್ತಿಗೆ 20.4ರಲ್ಲಿ 14 ಆಂಪಿಯರ್ ಉಳಿದಿರುತ್ತದೆ. ಅದರ ಮೇಲೆ ಅಲೆಯ 20.5 ಕೂತರೆ ಒಟ್ಟು 34.5 ಆಂಪಿಯರ್. ಮಾಮೂಲಿನ 1.7 ಪಟ್ಟು! ನೀವು ಕಂಡದ್ದೂ ಹೀಗೇ ಅಲ್ವಾ? ಮುಂದಿನ ತುದಿ 27ರ ಹತ್ತಿರ, ಅದರ ಮುಂದಿನದು 23ರ ಹತ್ತಿರ. 125 ಮಿಲಿಸೆಕೆಂಡಿಗೆ ಆಫ್‌ಸೆಟ್ ಹುಡುಕಿದರೂ ಸಿಗುವುದಿಲ್ಲ.

ಅದೇ ಕಾಯಿಲನ್ನು ಸೊನ್ನೆ ದಾಟಿದ 4.6 ಮಿಲಿಸೆಕೆಂಡ್ ಆದಮೇಲೆ ಆನ್ ಮಾಡಿ. ತಣ್ಣಗೆ ಓಡುವ ಕಾಯಿಲ್‌ನ ಕರೆಂಟ್ ಆ ಗಳಿಗೆಯಲ್ಲಿ ಸರಿಯಾಗಿ ಸೊನ್ನೆ. ನಿಮ್ಮದೂ ಸೊನ್ನೆ. ಅಂತರವೇ ಇಲ್ಲ, ಆಫ್‌ಸೆಟ್ಟೂ ಇಲ್ಲ. ಅಷ್ಟು ಕರಾರುವಾಕ್ಕಾಗಿ ಆಗದೆ ವೋಲ್ಟೇಜಿನ ತುದಿಯಲ್ಲೇ ಆನ್ ಮಾಡಿದರೂ ನಷ್ಟವಿಲ್ಲ, ಆಫ್‌ಸೆಟ್ ಬರೀ 2.6 ಆಂಪಿಯರ್. 325 ವೋಲ್ಟ್ ಇರುವಾಗ ಸ್ವಿಚ್ ಹಾಕುವುದು ನೋಡಲು ಒರಟು ಅನ್ನಿಸುತ್ತದೆ ನಿಜ. ಆದರೆ ಆ ಹೊಡೆತ ತಾಗುವುದು ಕಾಯಿಲ್‌ನ ಇನ್ಸುಲೇಶನ್ನಿಗೆ. ಕರೆಂಟ್ ಮಾತ್ರ ಸೊನ್ನೆಯಿಂದಲೇ ಹೊರಟು, ಮಿಲಿಸೆಕೆಂಡಿಗೆ 6.5 ಆಂಪಿಯರ್ ಲೆಕ್ಕದಲ್ಲಿ ಏರಲು ಶುರುಮಾಡುತ್ತದೆ.

ಒಂದು ಸಣ್ಣ ವಿಚಿತ್ರ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸೂತ್ರ ನೋಡಿದರೆ ಆಫ್‌ಸೆಟ್ ಅತಿ ಜಾಸ್ತಿ ಬರುವುದು ಸೊನ್ನೆಯಲ್ಲಲ್ಲ, ಅದಕ್ಕೂ 0.4 ಮಿಲಿಸೆಕೆಂಡ್ ಮೊದಲು. ಆದರೆ ಕರೆಂಟಿನ ಮೊದಲ ತುದಿ ಅತಿ ಎತ್ತರಕ್ಕೆ ಹೋಗುವುದು ಮಾತ್ರ ಸರಿಯಾಗಿ ಸೊನ್ನೆಯಲ್ಲಿ ಆನ್ ಮಾಡಿದಾಗಲೇ. ಸ್ವಲ್ಪ ಮೊದಲೇ ಆನ್ ಮಾಡಿದರೆ ಉಳಿದಿದ್ದ ನೆಗೆಟಿವ್ ವೋಲ್ಟೇಜ್ ಕರೆಂಟನ್ನು ಮೊದಲು ಕೆಳಕ್ಕೆ ಎಳೆಯುತ್ತದೆ, ಹಾಗಾಗಿ ಏರಿಕೆ ಒಂದು ಮೆಟ್ಟಿಲು ಕೆಳಗಿನಿಂದ ಶುರುವಾಗುತ್ತದೆ. ಸ್ವಲ್ಪ ತಡವಾದರೆ ಪಾಸಿಟಿವ್ ಭಾಗದ ಒಂದು ಚೂರು ಕೈತಪ್ಪಿರುತ್ತದೆ. ಹಾಗಾಗಿ ನಿಮ್ಮ ರಿಲೇ ಪ್ರತಿ ಸಲವೂ ಹುಡುಕಿ ಹುಡುಕಿ ಆ ಒಂದು ಗಳಿಗೆಯಲ್ಲೇ ಆನ್ ಆಗುತ್ತಿದೆ!

ಕಂಪ್ಯೂಟರಿನಲ್ಲಿ ನೋಡಬೇಕು ಅನ್ನಿಸಿದರೆ LTspice ಸಾಕು:

```
* RL switching
V1 a 0 SIN(0 325.27 50 0 0 90)
R1 a b 2
L1 b 0 50m
.tran 0 150m 0 10u uic
.end
```

`V1` ಸಾಲಿನ ಕೊನೆಯ 90 ಅಂದರೆ ಆನ್ ಮಾಡುವ ಕೋನ. ಅದನ್ನು 0, 82.7 ಅಂತ ಬದಲಿಸುತ್ತಾ ನೋಡಿ. `uic` ಮಾತ್ರ ಬಿಡಬೇಡಿ. ನಾನು ಒಮ್ಮೆ ಬಿಟ್ಟು ಅರ್ಧ ದಿನ ತಲೆ ಕೆರೆದುಕೊಂಡಿದ್ದೆ. ಅದಿಲ್ಲದಿದ್ದರೆ ಪ್ರೋಗ್ರಾಂ ಮೊದಲು ಡಿಸಿ ಲೆಕ್ಕ ಹಾಕುತ್ತದೆ. ಆ 325 ವೋಲ್ಟ್ ಮೊದಲಿನಿಂದಲೂ ಇತ್ತು ಅಂದುಕೊಂಡು, ಕಾಯಿಲನ್ನು ಬರೀ ತಂತಿ ಅಂತ ಹಿಡಿದು, 2 ಓಂನಲ್ಲಿ 163 ಆಂಪಿಯರ್‌ನಿಂದ ಶುರುಮಾಡುತ್ತದೆ. ಆಗ ತುದಿಯಲ್ಲಿ ಆನ್ ಮಾಡಿದರೇ ಅನಾಹುತ, ಸೊನ್ನೆಯಲ್ಲಿ ಸ್ವಲ್ಪ ವಾಸಿ ಅನ್ನುವ ಉಲ್ಟಾ ಉತ್ತರ ಕಾಣುತ್ತದೆ.

ನಿಜವಾದ ಸರ್ಕ್ಯೂಟಿನಲ್ಲಿ ಅಳೆಯುವಾಗಲೂ ಒಂದು ಮೋಸ ಇದೆ. ಎಸಿಗೆ ಮಾತ್ರ ಅಂತ ಮಾಡಿದ ಕ್ಲ್ಯಾಂಪ್ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ನಿಧಾನವಾಗಿ ಬದಲಾಗುವ ಭಾಗವನ್ನು ಸರಿಯಾಗಿ ದಾಟಿಸುವುದಿಲ್ಲ, ಹಾಗಾಗಿ ಆಫ್‌ಸೆಟ್ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ನಿಜಕ್ಕಿಂತ ಬೇಗ ಮಾಯವಾಗುತ್ತದೆ. ಡಿಸಿಯನ್ನೂ ಅಳೆಯುವ ಹಾಲ್ ಬಗೆಯ ಕ್ಲ್ಯಾಂಪ್ ಬಳಸಿ, ಇಲ್ಲವೇ ಸಣ್ಣ ಷಂಟ್ ಹಾಕಿ. ಸ್ಕೋಪ್ ಡಿಸಿ ಕಪ್ಲಿಂಗ್‌ನಲ್ಲಿರಲಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕಾಯಿಲ್‌ನ ಇಂಡಕ್ಟೆನ್ಸ್ ಬದಲಾಗದೆ ಇದ್ದರೆ ಮಾತ್ರ. ಅಲ್ಲಿ ಎಷ್ಟೇ ಕೆಟ್ಟರೂ ಮೊದಲ ತುದಿ ಎರಡು ಪಟ್ಟು ದಾಟುವುದಿಲ್ಲ. ಮುಚ್ಚಿದ ಕಬ್ಬಿಣದ ಕೋರ್ ಇರುವ ಟ್ರಾನ್ಸ್‌ಫಾರ್ಮರ್ ಆದರೆ ಕತೆ ಬೇರೆ. ಅಲ್ಲಿ ಎರಡು ಪಟ್ಟಿಗೆ ಹೋಗಲು ಹೊರಡುವುದು ಫ್ಲಕ್ಸ್. ಕೋರ್‌ಗೆ ಅಷ್ಟು ತಡೆಯುವ ಶಕ್ತಿ ಇರುವುದಿಲ್ಲ, ಸ್ಯಾಚುರೇಟ್ ಆಗುತ್ತದೆ. ಆಮೇಲೆ ಇಂಡಕ್ಟೆನ್ಸ್ ಕುಸಿದು ಕರೆಂಟ್ ಮಾಮೂಲಿನ ಹತ್ತಾರು ಪಟ್ಟಿಗೂ ಹಾರಬಹುದು. ಸ್ಕೋಪಿನಲ್ಲಿ ಗುರುತು ಹಿಡಿಯುವುದು ಸುಲಭ: ನಮ್ಮ ಕಾಯಿಲ್‌ನಲ್ಲಿ ಮೇಲೆ ಎತ್ತಿದ ಪೂರ್ತಿ ಸೈನ್ ಅಲೆ ಕಂಡರೆ, ಅಲ್ಲಿ ಒಂದೇ ಕಡೆಗೆ ಚೂಪಾದ ಮುಳ್ಳುಗಳು, ನಡುವೆ ಚಪ್ಪಟೆ ನೆಲ. ನಿಮ್ಮದು 1.7 ಪಟ್ಟಿನ ಆಸುಪಾಸಿನ ಪೂರ್ತಿ ಅಲೆಯಾಗಿದ್ದರೆ ಕೋರ್ ಸ್ಯಾಚುರೇಟ್ ಆಗುತ್ತಿಲ್ಲ ಅಂತಲೇ ಅರ್ಥ.

ಈಗ ಏನು ಮಾಡಬೇಕು? ಸೊನ್ನೆ ಕಾಯುವ ರಿಲೇ ತೆಗೆದು, ಸಿಗ್ನಲ್ ಕೊಟ್ಟ ತಕ್ಷಣ ಆನ್ ಆಗುವ ಬಗೆಯದನ್ನು ಹಾಕಿ. ಇದನ್ನು ರ್‍ಯಾಂಡಮ್ ಟರ್ನ್ ಆನ್ ಅಂತ ಮಾರುತ್ತಾರೆ. ಬರೀ ರಿಲೇ ಬದಲಿಸಿದರೆ ಆನ್ ಆಗುವ ಗಳಿಗೆ ಅದೃಷ್ಟಕ್ಕೆ ಬಿಟ್ಟ ಹಾಗಾಗುತ್ತದೆ: ಒಂದು ಸಲ ಅಲೆ ಮೇಲಕ್ಕೆ ಎದ್ದರೆ ಇನ್ನೊಂದು ಸಲ ಕೆಳಕ್ಕೆ, ಮತ್ತೊಂದು ಸಲ ಏನೂ ಇಲ್ಲ. ಆದ್ದರಿಂದ ಸೊನ್ನೆ ದಾಟಿದ್ದನ್ನು ಗುರುತಿಸುವ ಸಣ್ಣ ಸರ್ಕ್ಯೂಟ್ ಬೇರೆಯಾಗಿ ಇಟ್ಟು, ಅಲ್ಲಿಂದ 4.6 ಮಿಲಿಸೆಕೆಂಡ್ ಕಾದು ಸಿಗ್ನಲ್ ಕೊಡಿ. ನಿಮ್ಮ ಕಾಯಿಲ್‌ನ ಅಳತೆ ಬೇರೆ ಇರುತ್ತದೆ, ಹಾಗಾಗಿ 5 ಮಿಲಿಸೆಕೆಂಡಿನಿಂದ ಶುರುಮಾಡಿ, ಮೊದಲ ಎರಡು ತುದಿಗಳು, ಮೇಲಿನದೂ ಕೆಳಗಿನದೂ, ಒಂದೇ ಎತ್ತರ ಆಗುವವರೆಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬನ್ನಿ.