ಜಿಎಸ್‌ಎಂ ಗೊತ್ತಿದ್ದರೆ ಬಟ್ಟೆ ರೋಲಿನ ತೂಕ ಎಷ್ಟು?

ಜಿಎಸ್‌ಎಂ ಅಂದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ. ಹಾಗಾಗಿ ರೋಲಿನಲ್ಲಿ ಅಂಥ ಚದರ ಮೀಟರ್ ಎಷ್ಟಿದೆ ಅಂತ ಕಂಡುಕೊಂಡರೆ ಸಾಕು, ತೂಕ ಸಿಗುತ್ತದೆ.

```
ತೂಕ (ಕೆಜಿ) = ಜಿಎಸ್‌ಎಂ × ಅಗಲ (ಮೀ) × ಉದ್ದ (ಮೀ) ÷ 1000
```

ಸೂತ್ರ ಸುಲಭ, ಆದರೆ ಲೆಕ್ಕ ತಪ್ಪೋದು ಅಗಲದಲ್ಲಿ. ಟೀ ಶರ್ಟ್ ಹೊಲಿಯುವ ಹೆಣಿಗೆ ಬಟ್ಟೆ ವೃತ್ತಾಕಾರದ ಯಂತ್ರದಿಂದ ಕೊಳವೆಯ ಹಾಗೆ ಬರುತ್ತದೆ, ಅದನ್ನು ಕತ್ತರಿಸಿ ಬಿಡಿಸದೆ ಹಾಗೇ ಮಡಿಚಿ ಸುತ್ತಿರಬಹುದು. ಆಗ ಟೇಪ್ ಇಟ್ಟು ಅಳೆದ 36 ಇಂಚು ಬರೀ ಒಂದು ಪದರದ್ದು. ಕೆಳಗೆ ಇನ್ನೊಂದು ಪದರ ಇದೆಯಲ್ವಾ? ನಿಜವಾದ ಅಗಲ 72 ಇಂಚು.

180 ಜಿಎಸ್‌ಎಂ ಜೆರ್ಸಿ, ಕೊಳವೆ ಅಗಲ 36 ಇಂಚು, ಉದ್ದ 60 ಮೀಟರ್ ಅಂತಿಟ್ಟುಕೊಳ್ಳಿ. ಒಂದು ಇಂಚಿಗೆ 0.0254 ಮೀಟರ್, ಹಾಗಾಗಿ 72 ಇಂಚು ಅಂದರೆ ಸುಮಾರು 1.83 ಮೀಟರ್. 180 × 1.83 × 60 ಮಾಡಿದರೆ 19,764 ಗ್ರಾಂ, ಅಂದರೆ 19.8 ಕೆಜಿ ಹತ್ತಿರ. ಎರಡನೇ ಪದರ ಮರೆತರೆ ಬರೀ 9.9 ಕೆಜಿ ಬರುತ್ತದೆ. ತಕ್ಕಡಿ ತೋರಿಸಿದ್ದು ಲೆಕ್ಕದ ಸರಿಸುಮಾರು ಎರಡರಷ್ಟಿದ್ದರೆ ಮೊದಲು ಈ ತಪ್ಪನ್ನೇ ಹುಡುಕಿ. ತಕ್ಕಡಿ 20.6 ತೋರಿಸಿದರೆ ಗಾಬರಿ ಬೇಡ, ಒಳಗಿನ ರಟ್ಟಿನ ಕೊಳವೆ, ಮೇಲಿನ ಪ್ಲಾಸ್ಟಿಕ್ ಕೂಡ ಅದರಲ್ಲಿ ಸೇರಿರುತ್ತದೆ. ಅವನ್ನು ಬೇರೆ ತೂಗಿ ಕಳೆಯಬೇಕು.

ಇನ್ನೊಂದು ವಿಷಯವನ್ನು ನಾನು ತುಂಬಾ ಮುಖ್ಯ ಅಂದುಕೊಂಡಿದ್ದೇನೆ. ಹೆಣಿಗೆ ಬಟ್ಟೆ ಸುತ್ತುವಾಗ ಎಳೆತಕ್ಕೆ ಉದ್ದ ಹಿಗ್ಗುತ್ತದೆ, ಬಿಚ್ಚಿ ಒಂದು ದಿನ ಸುಮ್ನೆ ಹರಡಿಟ್ಟರೆ ಮತ್ತೆ ಕುಗ್ಗುತ್ತದೆ. ಮೇಲಿನ ರೋಲಿನ 60 ಮೀಟರ್ 57 ಆಯಿತು, ಅಗಲ ಹಾಗೇ ಉಳಿಯಿತು ಅನ್ನೋಣ. ತೂಕ ಅಷ್ಟೇ, ಜಾಗ ಕಮ್ಮಿ, ಹಾಗಾಗಿ ಜಿಎಸ್‌ಎಂ 189ಕ್ಕೆ ಏರುತ್ತದೆ. ಈಗ ಹರಡಿಟ್ಟ ಬಟ್ಟೆಯ 189 ಹಿಡಿದು, ಬಿಲ್ಲಿನ 60 ಮೀಟರ್‌ನಿಂದ ಗುಣಿಸಿದರೆ 20.8 ಕೆಜಿ ಬರುತ್ತದೆ. ಒಂದು ಕೆಜಿ ಕಮ್ಮಿ ಕೊಟ್ಟಿದ್ದಾರೆ ಅಂತ ಸುಮ್ಮಸುಮ್ಮನೆ ಜಗಳ ಶುರುವಾಗುತ್ತದೆ. ಜಿಎಸ್‌ಎಂ, ಅಗಲ, ಉದ್ದ ಮೂರನ್ನೂ ಬಟ್ಟೆಯ ಒಂದೇ ಸ್ಥಿತಿಯಲ್ಲಿ ಅಳೆಯಿರಿ.

ಜಿಎಸ್‌ಎಂ ಅನ್ನು ಚೀಟಿ ನೋಡಿ ನಂಬುವ ಬದಲು ನೀವೇ ತೆಗೆಯಬಹುದು. ದುಂಡನೆಯ ಜಿಎಸ್‌ಎಂ ಕಟರ್ 100 ಚದರ ಸೆಂಟಿಮೀಟರ್‌ನ ತುಂಡು ಕತ್ತರಿಸುತ್ತದೆ, ಅದರ ಗ್ರಾಂ ತೂಕವನ್ನು 100ರಿಂದ ಗುಣಿಸಿದರೆ ಆಯಿತು. 1.80 ಗ್ರಾಂ ಬಂದರೆ 180. ಕೊಳವೆ ಬಟ್ಟೆಯಾದರೆ ಒಂದೇ ಪದರ ಕತ್ತರಿಸಿ. ಅಂಚು ಬಿಟ್ಟು ನಾಲ್ಕೈದು ಕಡೆ ತೆಗೆದು ಸರಾಸರಿ ಹಿಡಿಯಿರಿ, ಯಾಕಂದರೆ ಇಷ್ಟು ಚಿಕ್ಕ ತುಂಡಿನಲ್ಲಿ 0.05 ಗ್ರಾಂ ಹೆಚ್ಚುಕಮ್ಮಿ ಆದರೂ ಈ ರೋಲಿನ ಲೆಕ್ಕದಲ್ಲಿ ಅರ್ಧ ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ.